ಆರ್ಡರ್, ಆವಕ, ಬಿಲ್: ಮೂರು ಕಾಗದಗಳ ತಾಳೆ

ಸರಕು ಪೂರೈಸಿದವರ ಬಿಲ್ಲಿಗೆ ಹಣ ಕೊಡುವ ಮುನ್ನ ಮೂರು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡುವ ಪದ್ಧತಿಗೆ ಲೆಕ್ಕಪತ್ರ ವಿಭಾಗದವರು ತ್ರೀ-ವೇ ಮ್ಯಾಚಿಂಗ್ ಎನ್ನುತ್ತಾರೆ. ಮೊದಲನೆಯದು ಪರ್ಚೇಸ್ ಆರ್ಡರ್. ಕಚೇರಿಯ ಮಾತಿನಲ್ಲಿ ಅದು ‘ಪಿಒ’. ಯಾವ ವಸ್ತು, ಎಷ್ಟು, ಯಾವ ದರಕ್ಕೆ, ಯಾವ ಷರತ್ತಿನ ಮೇಲೆ ಬೇಕು ಎಂಬುದು ಅದರಲ್ಲಿರುತ್ತದೆ. ಎರಡನೆಯದು ಸರಕು ಬಂದಾಗ ಸ್ಟೋರ್ಸ್‌ನವರು ಎಣಿಸಿ, ತೂಗಿ ಬರೆಯುವ ಸ್ವೀಕೃತಿ ಪತ್ರ. ಇದನ್ನು ಎಲ್ಲೆಡೆ ‘ಜಿಆರ್‌ಎನ್’ ಎಂದೇ ಕರೆಯುತ್ತಾರೆ. ಮೂರನೆಯದು ಪೂರೈಕೆದಾರರು ಕಳಿಸುವ ಇನ್‌ವಾಯ್ಸ್, ಅಂದರೆ ಬಿಲ್. ಕೇಳಿದ್ದು ಎಷ್ಟು, ಬಂದದ್ದು ಎಷ್ಟು, ಹಣ ಕೇಳುತ್ತಿರುವುದು ಎಷ್ಟಕ್ಕೆ ಎಂಬ ಮೂರು ಪ್ರಶ್ನೆಗಳಿಗೆ ಈ ಮೂರು ಕಾಗದಗಳಲ್ಲಿ ಉತ್ತರವಿದೆ. ಉತ್ತರಗಳು ತಾಳೆಯಾದರೆ ಬಿಲ್ ಪಾಸಾಗುತ್ತದೆ, ಆಗದಿದ್ದರೆ ಕಾರಣ ತಿಳಿಯುವವರೆಗೆ ತಡೆಯಲ್ಲಿರುತ್ತದೆ.

ಈ ತಾಳೆಯ ಬಲವೆಲ್ಲ ಇರುವುದು ಮೂರು ಕಾಗದಗಳನ್ನು ಮೂರು ಬೇರೆ ಬೇರೆ ಕೈಗಳು ಬರೆಯುತ್ತವೆ ಎಂಬುದರಲ್ಲಿ. ಪಿಒ ಬರೆಯುವುದು ಖರೀದಿ ವಿಭಾಗ. ಅದಕ್ಕೆ ದರ ಗೊತ್ತು, ಆದರೆ ಲಾರಿಯಲ್ಲಿ ಏನು ಬಂತೆಂಬುದು ಗೊತ್ತಿಲ್ಲ. ಜಿಆರ್‌ಎನ್ ಬರೆಯುವುದು ಸ್ಟೋರ್ಸ್; ಅವರು ಮಾಲನ್ನು ಕಣ್ಣಾರೆ ಕಂಡವರು, ದರದ ಗೊಡವೆ ಅವರಿಗಿಲ್ಲ. ಬಿಲ್ ಬರೆಯುವವರು ಹೊರಗಿನವರು. ಮೂರನ್ನೂ ಹೋಲಿಸುವ ಅಕೌಂಟ್ಸ್ ವಿಭಾಗ ಆರ್ಡರ್ ಕೊಟ್ಟದ್ದೂ ಅಲ್ಲ, ಮಾಲು ಇಳಿಸಿಕೊಂಡದ್ದೂ ಅಲ್ಲ. ಹೀಗಿರುವುದರಿಂದಲೇ ಒಬ್ಬರ ಕಣ್ತಪ್ಪು ಇನ್ನೊಬ್ಬರ ಕಾಗದದಲ್ಲಿ ಎದ್ದು ಕಾಣುತ್ತದೆ. ಪಿಒ ಮತ್ತು ಬಿಲ್ಲನ್ನು ಮಾತ್ರ ಹೋಲಿಸುವ ಸಂಸ್ಥೆಗಳೂ ಇವೆ. ಆ ಎರಡೇ ಕಾಗದಗಳಿಂದ ದರದ ತಪ್ಪು ಸಿಗುತ್ತದೆ. ಬಾರದ ಮಾಲಿಗೆ ಬಿಲ್ ಹಾಕಿದ್ದರೆ ಅದು ಸಿಗುವುದಿಲ್ಲ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 208ನೇ ನಿಯಮ ಇದೇ ಕೆಲಸದ ಬಗ್ಗೆ ಹೇಳುತ್ತದೆ: ಸರಕು ಬಂದ ಸಮಯದಲ್ಲೇ ಅದನ್ನು ಎಣಿಸಬೇಕು, ಅಳೆಯಬೇಕು ಅಥವಾ ತೂಗಬೇಕು, ಕಣ್ಣಿನಿಂದ ಪರಿಶೀಲಿಸಬೇಕು. ಖಾಸಗಿ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಸ್ಟೋರ್ಸ್‌ನ ಕೆಲಸದ ತಿರುಳು ಎಲ್ಲೆಡೆಯೂ ಇಷ್ಟೇ.

ಒಂದು ಬಿಲ್ಲನ್ನು ಪೂರ್ತಿಯಾಗಿ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತುಮಕೂರಿನ ಹೊರವಲಯದಲ್ಲಿ ವಿದ್ಯಾರ್ಥಿನಿಲಯವೊಂದನ್ನು ಕಟ್ಟುತ್ತಿರುವ ಗುತ್ತಿಗೆದಾರ ಸಂಸ್ಥೆ ಬೆಂಗಳೂರಿನ ಕಬ್ಬಿಣದ ವ್ಯಾಪಾರಿಗೆ ಆರ್ಡರ್ ಕೊಟ್ಟಿದೆ ಎಂದಿಟ್ಟುಕೊಳ್ಳೋಣ. ಪಿಒದಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ 12 ಮಿಲಿಮೀಟರ್ ಟಿಎಂಟಿ ಕಂಬಿ 10,000 ಕಿಲೋ, ಕಿಲೋಗೆ 56 ರೂಪಾಯಿ. ಎರಡನೆಯ ಸಾಲಿನಲ್ಲಿ ಕಂಬಿ ಕಟ್ಟುವ ಬೈಂಡಿಂಗ್ ವೈರ್ 200 ಕಿಲೋ, ಅಂದರೆ 25 ಕಿಲೋದ ಎಂಟು ಸುರುಳಿ, ಕಿಲೋಗೆ 80 ರೂಪಾಯಿ. ಕೆಳಗೆ ಷರತ್ತುಗಳು: ದರದಲ್ಲಿ ಸೈಟ್‌ವರೆಗಿನ ಸಾಗಣೆ ಸೇರಿದೆ, ಜಿಎಸ್‌ಟಿ ಶೇ 18 ಪ್ರತ್ಯೇಕ, ಸೈಟ್ ಹತ್ತಿರದ ವೇಬ್ರಿಡ್ಜ್‌ನ ತೂಕವೇ ಅಂತಿಮ, ಹಣ 30 ದಿನದೊಳಗೆ.

ಲಾರಿ ಬಂದಾಗ ಗೇಟ್‌ನಲ್ಲಿ ವಾಹನದ ನಂಬರ್, ಬಂದ ಹೊತ್ತು, ಜೊತೆಗೆ ಬಂದ ಕಾಗದಗಳ ನಂಬರ್ ಇನ್‌ವರ್ಡ್ ರಿಜಿಸ್ಟರಿಗೆ ಏರುತ್ತವೆ. ವೇಬ್ರಿಡ್ಜ್‌ನಲ್ಲಿ ಮಾಲು ಸಮೇತ ಲಾರಿ 17,080 ಕಿಲೋ ತೂಗುತ್ತದೆ. ಇಳಿಸಿದ ಮೇಲೆ ಖಾಲಿ ಲಾರಿ 7,320 ಕಿಲೋ. ನಿವ್ವಳ ತೂಕ 9,760 ಕಿಲೋ. ಬೈಂಡಿಂಗ್ ವೈರಿನ ಸುರುಳಿಗಳನ್ನು ಎಣಿಸಿದರೆ ಎಂಟರ ಬದಲು ಆರೇ ಇವೆ, 150 ಕಿಲೋ. ಅದನ್ನು ಕಳೆದರೆ ಕಂಬಿಯ ತೂಕ 9,610 ಕಿಲೋ. ಸ್ಟೋರ್‌ಕೀಪರ್ ಈ ಎರಡು ಅಂಕಿಗಳನ್ನೇ ಜಿಆರ್‌ಎನ್‌ನಲ್ಲಿ ಬರೆದು, ತೂಕದ ಚೀಟಿಗಳನ್ನು ಅದಕ್ಕೆ ಲಗತ್ತಿಸಿ, ಡ್ರೈವರ್‌ನ ಸಹಿ ಪಡೆಯುತ್ತಾರೆ.

ಬಿಲ್ಲಿನಲ್ಲಿ ಇರುವುದು ಬೇರೆ. ಕಂಬಿ 10,000 ಕಿಲೋ, ಕಿಲೋಗೆ 57 ರೂಪಾಯಿ 50 ಪೈಸೆಯಂತೆ 5,75,000. ಬೈಂಡಿಂಗ್ ವೈರ್ 200 ಕಿಲೋಗೆ 16,000. ಲಾರಿ ಬಾಡಿಗೆ 9,000. ಒಟ್ಟು ಆರು ಲಕ್ಷ, ಅದರ ಮೇಲೆ ಜಿಎಸ್‌ಟಿ 1,08,000. ಕೊಡಬೇಕಾದದ್ದು 7,08,000 ರೂಪಾಯಿ. ಬಿಲ್ಲನ್ನಷ್ಟೇ ನೋಡಿದರೆ ಅದರಲ್ಲಿ ಒಂದೂ ತಪ್ಪು ಕಾಣುವುದಿಲ್ಲ. ಗುಣಾಕಾರ ಸರಿ, ಕೂಡಿದ್ದು ಸರಿ, ತೆರಿಗೆ ಸರಿ, ಪಿಒ ನಂಬರ್ ಕೂಡ ನಮೂದಾಗಿದೆ.

ತಾಳೆ ನೋಡುವವರು ಮೊದಲು ಪ್ರಮಾಣವನ್ನು ಜಿಆರ್‌ಎನ್ ಜೊತೆ ಹೋಲಿಸುತ್ತಾರೆ. ಕಂಬಿಯಲ್ಲಿ 390 ಕಿಲೋ ಕಡಿಮೆ. ಬಿಲ್ಲಿನ ದರದಲ್ಲಿ ಅದು 22,425 ರೂಪಾಯಿ. ವೈರ್‌ನಲ್ಲಿ 50 ಕಿಲೋ ಕಡಿಮೆ, 4,000 ರೂಪಾಯಿ. ಆಮೇಲೆ ದರವನ್ನು ಪಿಒ ಜೊತೆ ಹೋಲಿಸಿದರೆ ಕಿಲೋಗೆ ಒಂದೂವರೆ ರೂಪಾಯಿ ಹೆಚ್ಚು. ನಿಜವಾಗಿ ಬಂದ 9,610 ಕಿಲೋ ಮೇಲೆ ಅದು 14,415. ಕೊನೆಗೆ ಪಿಒದಲ್ಲಿ ಇಲ್ಲದ ಸಾಲು ಬಿಲ್ಲಿನಲ್ಲಿ ಯಾವುದಿದೆ ಎಂದು ಹುಡುಕಿದರೆ ಬಾಡಿಗೆಯ 9,000 ಸಿಗುತ್ತದೆ. ಎಲ್ಲ ಸೇರಿ 49,840 ರೂಪಾಯಿ, ಅದರ ಮೇಲಿನ ತೆರಿಗೆ 8,971 ರೂಪಾಯಿ 20 ಪೈಸೆ. ಸಲ್ಲಬೇಕಾದ ಹಣ 6,49,188 ರೂಪಾಯಿ 80 ಪೈಸೆ. ಒಂದು ಲಾರಿ ಲೋಡಿನಲ್ಲಿ 58,811 ರೂಪಾಯಿಗೂ ಮಿಕ್ಕಿದ ಅಂತರ.

ಈ ನಾಲ್ಕು ಅಂತರಗಳಿಗೆ ಕಾರಣ ಒಂದೇ ಅಲ್ಲ. ತಾಳೆಯ ಕೆಲಸದಲ್ಲಿ ಬುದ್ಧಿ ಖರ್ಚಾಗುವುದು ಇಲ್ಲಿಯೇ. ವೈರ್ ಸುರುಳಿಗಳು ಬಹುಶಃ ಗೋದಾಮಿನಲ್ಲೇ ಉಳಿದಿವೆ. ಲೋಡ್ ಮಾಡುವ ಮುನ್ನವೇ ಬಿಲ್ ತಯಾರಾಗಿರುತ್ತದೆ. ದರದ ಅಂತರ ಹಲವು ಸಲ ಬೆಲೆ ಏರಿಳಿತದ ಫಲ. ಕಬ್ಬಿಣದ ಬೆಲೆ ಬೇಗ ಬೇಗ ಬದಲಾಗುತ್ತದೆ, ವ್ಯಾಪಾರಿಯ ಬಿಲ್ಲಿಂಗ್ ಗುಮಾಸ್ತರು ಆರ್ಡರಿನ ದಿನದ ದರ ಬಿಟ್ಟು ಕಳಿಸಿದ ದಿನದ ದರ ಹಾಕಿರುತ್ತಾರೆ. ಬಾಡಿಗೆ ಅವರ ಮಾಮೂಲು ಬಿಲ್ಲಿನ ನಮೂನೆಯಲ್ಲಿ ತಾನಾಗಿ ಬರುವ ಸಾಲಾಗಿರಬಹುದು. ಇದರಲ್ಲಿ ಯಾವುದಕ್ಕೂ ಮೋಸದ ಉದ್ದೇಶ ಇರಬೇಕಾಗಿಲ್ಲ. ತಾಳೆ ತಪ್ಪಿದೊಡನೆ ಪೂರೈಕೆದಾರರನ್ನು ಕಳ್ಳರಂತೆ ಕಾಣುವ ಗುಮಾಸ್ತರು ಒಳ್ಳೆಯ ಪೂರೈಕೆದಾರರನ್ನು ಕಳೆದುಕೊಳ್ಳುತ್ತಾರೆ.

ಕಂಬಿಯ 390 ಕಿಲೋ ಎಲ್ಲಿ ಹೋಯಿತು ಎಂಬುದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಪ್ರಶ್ನೆ. ಕಂಬಿಗಳನ್ನು ಎಣಿಸಿದರೆ 938 ಇವೆ, ಪ್ರತಿಯೊಂದೂ 12 ಮೀಟರ್ ಉದ್ದ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ ಎನ್ನುವುದು ಕಟ್ಟಡದ ಕೆಲಸದವರೆಲ್ಲ ಬಲ್ಲ ಸೂತ್ರ. 12 ಮಿಲಿಮೀಟರಿಗೆ ಅದು 0.889 ಕಿಲೋ. ಈ ಲೆಕ್ಕದಲ್ಲಿ 938 ಕಂಬಿಗಳ ತೂಕ ಸುಮಾರು 10,000 ಕಿಲೋ. ಅಂದರೆ ವ್ಯಾಪಾರಿ ಒಂದು ಕಂಬಿಯನ್ನೂ ಕಡಿಮೆ ಕಳಿಸಿಲ್ಲ. ಸೂತ್ರದ ತೂಕಕ್ಕೆ ಬಿಲ್ ಹಾಕಿದ್ದಾರೆ. ನಿಜವಾದ ತೂಕ ಅದಕ್ಕಿಂತ ಶೇ 3.9ರಷ್ಟು ಕಡಿಮೆ. ಟಿಎಂಟಿ ಕಂಬಿಯ ಭಾರತೀಯ ಮಾನಕವಾದ ಐಎಸ್ 1786ರ ಪ್ರಕಾರ 10 ಮಿಲಿಮೀಟರ್ ದಾಟಿ 16 ಮಿಲಿಮೀಟರ್‌ವರೆಗಿನ ಕಂಬಿಯ ತೂಕದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಆದ್ದರಿಂದ ಈ ಕಂಬಿ ಮಾನಕದ ಒಳಗೇ ಇದೆ, ಕಟ್ಟಡಕ್ಕೆ ಬಳಸಬಹುದು. ಆದರೆ ಕಿಲೋ ಲೆಕ್ಕದಲ್ಲಿ ಕೊಂಡ ಮಾಲಿಗೆ ಇಲ್ಲದ ಕಿಲೋಗಳ ಹಣ ಕೊಡಬೇಕಾಗಿಲ್ಲ. ಪಿಒದಲ್ಲಿ ‘ವೇಬ್ರಿಡ್ಜ್ ತೂಕವೇ ಅಂತಿಮ’ ಎಂಬ ಒಂದು ಸಾಲು ಇರದಿದ್ದರೆ ಈ ವಾದ ಬಹಳ ದಿನ ಎಳೆಯುತ್ತಿತ್ತು. ಸೂತ್ರದ ತೂಕದ ಮೇಲೆ ವ್ಯವಹಾರ ಮಾಡುವ ರೂಢಿಯೂ ಇರುವುದರಿಂದ ವ್ಯಾಪಾರಿಯ ಮಾತಿಗೂ ತೂಕ ಇರುತ್ತಿತ್ತು. ಸೈಟ್‌ನಲ್ಲಿ ಕಂಬಿಗಳನ್ನು ಎಣಿಸಿ, ಸೂತ್ರ ಹಾಕಿ ಜಿಆರ್‌ಎನ್ ಬರೆದಿದ್ದರಂತೂ ಮೂರು ಕಾಗದಗಳೂ ಒಪ್ಪವಾಗಿ ತಾಳೆಯಾಗಿ ಇಪ್ಪತ್ತೆರಡು ಸಾವಿರ ಸದ್ದಿಲ್ಲದೆ ಹೋಗಿರುತ್ತಿತ್ತು.

ತೂಗಿದರೂ ಸಾಲದು, ಹೇಗೆ ತೂಗಿದರು ಎಂಬುದೂ ಮುಖ್ಯ. ಖಾಲಿ ಲಾರಿಯ ತೂಕವನ್ನು ಹಳೆಯ ಚೀಟಿಯಿಂದ ಇಳಿಸಿಕೊಳ್ಳುವುದು, ತುಂಬಿದ ಲಾರಿಯನ್ನು ಕ್ಲೀನರ್ ಮತ್ತು ಹಮಾಲರ ಸಮೇತ ತೂಗಿ ಖಾಲಿ ಲಾರಿಯನ್ನು ಅವರನ್ನೆಲ್ಲ ಇಳಿಸಿ ತೂಗುವುದು, ಪೂರೈಕೆದಾರರ ಊರಿನ ವೇಬ್ರಿಡ್ಜ್ ಚೀಟಿಯನ್ನೇ ನಂಬಿಬಿಡುವುದು ಇವೆಲ್ಲ ಸೈಟ್‌ಗಳಲ್ಲಿ ನಡೆಯುತ್ತವೆ. ಎರಡೂ ತೂಕ ಒಂದೇ ವೇಬ್ರಿಡ್ಜ್‌ನಲ್ಲಿ, ಅದೇ ದಿನ, ಅದೇ ವಾಹನ ಸಂಖ್ಯೆಗೆ ಆಗಿವೆಯೇ ಎಂದು ಚೀಟಿಗಳಲ್ಲೇ ನೋಡಿಕೊಳ್ಳಬಹುದು.

ಅಂತರ ಸಿಕ್ಕ ಮೇಲೆ ಮಾಡಬಾರದ ಮೊದಲ ಕೆಲಸ ಬಿಲ್ಲಿನ ಮೇಲೆ ಪೆನ್ನಿನಿಂದ ಅಂಕಿ ತಿದ್ದುವುದು. ಆ ಬಿಲ್ ಪೂರೈಕೆದಾರರ ಜಿಎಸ್‌ಟಿ ರಿಟರ್ನ್‌ನಲ್ಲಿ 7,08,000 ರೂಪಾಯಿಯೆಂದೇ ದಾಖಲಾಗಿರುತ್ತದೆ. ಅದನ್ನು ತಗ್ಗಿಸುವ ದಾರಿ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿದೆ: ಪೂರೈಕೆದಾರರು ಆ ಬಿಲ್ಲಿಗೆ ಸಂಬಂಧಿಸಿದ ಕ್ರೆಡಿಟ್ ನೋಟ್ ಕೊಡಬೇಕು. ಆಗ ಅವರ ತೆರಿಗೆಯ ಹೊರೆಯೂ ಇಳಿಯುತ್ತದೆ, ಕೊಂಡವರ ಲೆಕ್ಕವೂ ಸರಿಹೋಗುತ್ತದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಕೆಯಾದರೆ ಆ ದಿನದೊಳಗೆ, ಇದು ರಿಟರ್ನ್‌ಗೆ ಸೇರಬೇಕು. ಕೊಂಡವರು ತಮ್ಮ ಕಡೆಯಿಂದ ಡೆಬಿಟ್ ನೋಟ್ ಕಳಿಸುವ ರೂಢಿ ಎಲ್ಲೆಡೆ ಇದೆ. ಅದು ಇಷ್ಟು ಹಣ ಕಡಿತ ಮಾಡುತ್ತೇವೆ ಎಂದು ತಿಳಿಸುವ ಪತ್ರವಾಗಿ ಉಪಯುಕ್ತ, ಆದರೆ ತೆರಿಗೆಯ ಲೆಕ್ಕ ತಿದ್ದಲು ಕ್ರೆಡಿಟ್ ನೋಟೇ ಬೇಕು.

ಜಿಎಸ್‌ಟಿ ಬಂದ ಮೇಲೆ ಮೂರು ಕಾಗದಗಳ ತಾಳೆಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಹಕ್ಕು, ಅಂದರೆ ಇನ್‌ಪುಟ್ ಕ್ರೆಡಿಟ್, ಸಿಗಬೇಕಾದರೆ ಬಿಲ್ ಕೈಯಲ್ಲಿರಬೇಕು, ಮಾಲೂ ಬಂದಿರಬೇಕು ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಒಂದೇ ಬಿಲ್ಲಿನ ಮಾಲು ಕಂತುಗಳಲ್ಲಿ ಬರುವುದಾದರೆ ಕೊನೆಯ ಕಂತು ಬಂದ ಮೇಲೆಯೇ ಕ್ರೆಡಿಟ್. ನಮ್ಮ ಉದಾಹರಣೆಯಲ್ಲಿ ‘ಉಳಿದ ಎರಡು ಸುರುಳಿ ಮುಂದಿನ ಲೋಡಿನಲ್ಲಿ ಕಳಿಸುತ್ತೇವೆ’ ಎಂಬ ವ್ಯಾಪಾರಿಯ ಮಾತಿಗೆ ಒಪ್ಪಿಕೊಂಡರೆ, ನಾಲ್ಕು ಸಾವಿರದ ವೈರ್‌ಗಾಗಿ ಲಕ್ಷದಷ್ಟು ತೆರಿಗೆಯ ಕ್ರೆಡಿಟ್ ಕಾಯುತ್ತ ಕೂರಬೇಕಾದೀತು. ಬಾರದ ಸುರುಳಿಗಳಿಗೆ ಕ್ರೆಡಿಟ್ ನೋಟ್ ಪಡೆದು, ಅವು ಬಂದಾಗ ಹೊಸ ಬಿಲ್ ಕೇಳುವುದು ಜಾಣತನ. ಈ ಪ್ರಶ್ನೆಗಳಿಗೆಲ್ಲ ಕೊಂಡವರ ಕೈಯಲ್ಲಿರುವ ಸಾಕ್ಷಿ ಜಿಆರ್‌ಎನ್ ಮತ್ತು ಅದಕ್ಕೆ ಲಗತ್ತಿಸಿದ ತೂಕದ ಚೀಟಿಗಳು.

ತಕರಾರು ಬಗೆಹರಿಯುವವರೆಗೆ ಬಿಲ್ಲಿನ ಪೂರ್ತಿ ಹಣ ತಡೆಯಬೇಕೇ? ಎಷ್ಟೋ ಕಡೆ ಹಾಗೇ ಮಾಡುತ್ತಾರೆ, ಅದು ನ್ಯಾಯವಲ್ಲ. ತಕರಾರಿಲ್ಲದ 6,49,188 ರೂಪಾಯಿ 80 ಪೈಸೆಯನ್ನು ಹೇಳಿದ ದಿನಕ್ಕೆ ಕೊಟ್ಟು ಉಳಿದದ್ದನ್ನಷ್ಟೇ ತಡೆಯುವುದು ಸರಿಯಾದ ಕ್ರಮ. ಪೂರೈಕೆದಾರರು ನೋಂದಾಯಿತ ಸಣ್ಣ ಉತ್ಪಾದಕರಾಗಿದ್ದರೆ ಕಾನೂನೂ ಅವರ ಕಡೆಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಮಾಲು ತಲುಪಿದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ ಕೊಂಡವರು ಅದನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಒಪ್ಪಿದ ದಿನದಿಂದ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಿಲ್ ಬಂದು ಮೇಜಿನ ಮೇಲೆ ತಿಂಗಳು ಕೂತು, ಆಮೇಲೆ ತಾಳೆ ನೋಡಿ, ಅಂತರ ಇದೆ ಎಂದು ಪತ್ರ ಬರೆಯುವ ಹೊತ್ತಿಗೆ ಆಕ್ಷೇಪದ ಅವಧಿ ಮುಗಿದಿರುತ್ತದೆ. ಹಾಗಾಗಿ ಕೊರತೆಯ ವಿಚಾರವನ್ನು ಸ್ಟೋರ್ಸ್‌ನವರು ಜಿಆರ್‌ಎನ್ ಬರೆದ ದಿನವೇ ಪೂರೈಕೆದಾರರಿಗೆ ತಿಳಿಸಬೇಕು. ಬಿಲ್ ಪಾಸಾಗುವ ಹೊತ್ತಿಗೆ ಹೇಳಿದರಾಯಿತು ಎಂದು ಬಿಡುವಂತಿಲ್ಲ.

ಪ್ರತಿ ಅಂತರಕ್ಕೂ ಬಿಲ್ ನಿಲ್ಲಿಸಿದರೆ ಕಚೇರಿ ನಡೆಯುವುದಿಲ್ಲ. ವೇಬ್ರಿಡ್ಜ್ 10 ಕಿಲೋಗಿಂತ ಸೂಕ್ಷ್ಮವಾಗಿ ತೋರಿಸದೇ ಇರಬಹುದು, ಪೈಸೆಗಳ ಪೂರ್ಣಾಂಕದಲ್ಲಿ ರೂಪಾಯಿ ಆಚೀಚೆ ಆಗಬಹುದು. ಅದಕ್ಕಾಗಿ ಸಂಸ್ಥೆಗಳು ಒಂದು ಮಿತಿ ಇಟ್ಟುಕೊಳ್ಳುತ್ತವೆ, ಅದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಅಂತರ ಆ ಮಿತಿಯೊಳಗಿದ್ದರೆ ಬಿಲ್ ತಾನಾಗಿ ಪಾಸು. ಮಿತಿಯನ್ನು ಶೇಕಡಾವಾರಿನಲ್ಲಿ ಮಾತ್ರ ಇಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಶೇ 1 ಎಂದರೆ ಸಣ್ಣದೆನಿಸುತ್ತದೆ, ಆದರೆ ಆರು ಲಕ್ಷದ ಬಿಲ್ಲಿನಲ್ಲಿ ಅದು ಆರು ಸಾವಿರ. ‘ಶೇ 1 ಅಥವಾ 500 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು’ ಎಂದು ಬರೆದರೆ ದೊಡ್ಡ ಬಿಲ್ಲುಗಳಲ್ಲಿ ಸೋರುವುದು ನಿಲ್ಲುತ್ತದೆ. ಮಿತಿ ಎಷ್ಟೆಂದು ಪೂರೈಕೆದಾರರಿಗೆ ತಿಳಿಯದಂತೆ ನೋಡಿಕೊಳ್ಳಬೇಕು. ತಿಳಿದಲ್ಲಿ ಪ್ರತಿ ಬಿಲ್ಲೂ ಮಿತಿಗೆ ತುಸು ಒಳಗೇ ಏರುವುದು ಶುರುವಾಗುತ್ತದೆ, ಒಂದೊಂದನ್ನೇ ನೋಡಿದರೆ ಅದು ಗೊತ್ತಾಗುವುದಿಲ್ಲ. ಒಬ್ಬ ಪೂರೈಕೆದಾರರ ಇಡೀ ವರ್ಷದ ಅಂತರಗಳನ್ನು ಒಟ್ಟಿಗೆ ಹಾಕಿ ನೋಡಬೇಕು. ಪ್ರಾಮಾಣಿಕ ತಪ್ಪುಗಳು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಎರಡೂ ಕಡೆ ಬೀಳುತ್ತವೆ. ಎಲ್ಲ ಅಂತರವೂ ಒಂದೇ ಕಡೆಗೆ ವಾಲಿದ್ದರೆ ಕೂತು ಮಾತಾಡುವ ಸಮಯ ಬಂದಿದೆ.

ಅಳತೆಯ ಮಾನ ಬೇರೆಯಾದಾಗ ಕಾಣುವ ಅಂತರಗಳು ಇನ್ನೊಂದು ಬಗೆಯವು. ಲೇತ್ ಯಂತ್ರಕ್ಕೆ ಹಾಕುವ ಕಾರ್ಬೈಡ್ ತುಣುಕುಗಳು ಸಾಮಾನ್ಯವಾಗಿ ಹತ್ತರ ಡಬ್ಬಿಯಲ್ಲಿ ಬರುತ್ತವೆ. ಪಿಒದಲ್ಲಿ 200 ಎಂದಿದ್ದು, ಸ್ಟೋರ್ಸ್‌ನವರು 20 ಎಂದು ಡಬ್ಬಿಯ ಲೆಕ್ಕದಲ್ಲಿ ಬರೆದರೆ ಗಣಕ 180ರ ಕೊರತೆ ತೋರಿಸುತ್ತದೆ. ಇದರಿಂದ ಹಣ ಹೋಗುವುದಿಲ್ಲ, ಬಿಲ್ ತಡವಾಗುತ್ತದೆ ಅಷ್ಟೆ. ತಿರುಗುಮುರುಗಾದರೆ ಅಪಾಯ: ಡಬ್ಬಿಯ ದರ ಒಂದು ತುಣುಕಿನ ದರವಾಗಿ ಪಿಒಗೆ ಏರಿದರೆ ಮೂರೂ ಕಾಗದಗಳಲ್ಲಿ ಅದೇ ತಪ್ಪು ನೆಮ್ಮದಿಯಾಗಿ ಕೂರುತ್ತದೆ.

ಒಂದೇ ಆರ್ಡರಿನ ಮಾಲು ನಾಲ್ಕಾರು ಲೋಡ್‌ಗಳಲ್ಲಿ ಬಂದು, ಬಿಲ್ಲುಗಳು ಬೇರೆ ಗತಿಯಲ್ಲಿ ಬರುವುದು ಹೆಚ್ಚಿನ ಕಡೆ ಇರುವ ಪರಿಸ್ಥಿತಿ. ಆಗ ಒಂದು ಬಿಲ್ಲಿಗೆ ಒಂದು ಜಿಆರ್‌ಎನ್ ಎಂದು ಜೋಡಿಸುವುದರ ಜೊತೆಗೆ ಒಟ್ಟು ಲೆಕ್ಕವೂ ಬೇಕು: ಈವರೆಗೆ ಬಿಲ್ ಆದ ಪ್ರಮಾಣ ಈವರೆಗೆ ಬಂದ ಪ್ರಮಾಣವನ್ನು ದಾಟಬಾರದು, ಬಂದದ್ದು ಆರ್ಡರನ್ನು ದಾಟಬಾರದು. ಎಸ್‌ಎಪಿಯಂಥ ದೊಡ್ಡ ತಂತ್ರಾಂಶಗಳಲ್ಲಿ ಇದಕ್ಕೆಂದೇ ಒಂದು ಮಧ್ಯಂತರ ಖಾತೆ ಇರುತ್ತದೆ, ಹೆಸರು GR/IR. ಮಾಲು ಬಂದಾಗ ಅದರ ಬೆಲೆ ಈ ಖಾತೆಗೆ ಜಮೆಯಾಗುತ್ತದೆ, ಬಿಲ್ ಬಂದಾಗ ಖರ್ಚಾಗುತ್ತದೆ. ಎರಡೂ ಸರಿಯಿದ್ದರೆ ಬಾಕಿ ಸೊನ್ನೆ. ಜಮೆ ಉಳಿದಿದ್ದರೆ ಮಾಲು ಬಂದು ಬಿಲ್ ಬಂದಿಲ್ಲ, ಖರ್ಚು ಉಳಿದಿದ್ದರೆ ಬಿಲ್ ಬಂದು ಮಾಲು ಬಂದಿಲ್ಲ. ಸಣ್ಣ ಉದ್ಯಮಗಳು ಬಳಸುವ ಟ್ಯಾಲಿಯಲ್ಲಿ ಇದೇ ಕೆಲಸವನ್ನು ರಿಸೀಟ್ ನೋಟ್ ಮತ್ತು ಬಿಲ್ಲನ್ನು ಬೆಸೆಯುವ ಟ್ರ್ಯಾಕಿಂಗ್ ನಂಬರ್ ಮಾಡುತ್ತದೆ. ತಿಂಗಳ ಕೊನೆಯಲ್ಲಿ ಈ ಬಾಕಿಗಳ ಪಟ್ಟಿ ತೆಗೆದು, ಹಳೆಯವು ಯಾಕೆ ಉಳಿದಿವೆ ಎಂದು ಒಂದೊಂದನ್ನೇ ಕೇಳುವುದು ಬೇಸರದ ಕೆಲಸ. ಆದರೆ ಬೇರೆ ಯಾವ ವರದಿಯೂ ಹೇಳದ ಸಂಗತಿಗಳು ಅಲ್ಲಿ ಸಿಗುತ್ತವೆ.

ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುವುದನ್ನು ಈ ಒಟ್ಟು ಲೆಕ್ಕ ತಡೆಯುತ್ತದೆ. ಬಿಲ್ ಮೊದಲು ಇ-ಮೇಲ್‌ನಲ್ಲಿ ಬಂದು ‘1047’ ಎಂದು ದಾಖಲಾಗುತ್ತದೆ, ಆಮೇಲೆ ಅದೇ ಬಿಲ್ ಕೊರಿಯರ್‌ನಲ್ಲಿ ಬಂದು ‘INV-1047’ ಎಂದು ದಾಖಲಾಗುತ್ತದೆ. ನಂಬರ್ ಬೇರೆ ಎಂದು ಗಣಕ ಎರಡನ್ನೂ ಒಪ್ಪಿಕೊಳ್ಳುತ್ತದೆ. ತಾಳೆಯ ಪದ್ಧತಿ ಇದ್ದಲ್ಲಿ ಎರಡನೆಯದಕ್ಕೆ ಜೋಡಿಸಲು ಬಿಲ್ ಆಗದೆ ಉಳಿದ ಮಾಲೇ ಇರುವುದಿಲ್ಲ, ಅಲ್ಲಿಗೆ ಅದು ನಿಲ್ಲುತ್ತದೆ. ಪಿಒ ಇಲ್ಲದೆ ಕೊಂಡ ಚಿಲ್ಲರೆ ಖರ್ಚಿನ ಬಿಲ್ಲುಗಳಿಗೆ ಈ ರಕ್ಷಣೆ ಇಲ್ಲ. ಎರಡು ಸಲ ಪಾವತಿಯಾದ ಬಿಲ್ಲುಗಳನ್ನು ಹುಡುಕುವವರು ಮೊದಲು ಅಲ್ಲಿಗೇ ಹೋಗುವುದು ಒಳ್ಳೆಯದು.

ಈ ಇಡೀ ವ್ಯವಸ್ಥೆ ಒಳಗಿಂದಲೇ ಕುಸಿಯುವ ಜಾಗ ಒಂದಿದೆ, ಅದು ಜಿಆರ್‌ಎನ್. ಲಾರಿ ಬರುವಾಗ ಬಿಲ್ಲಿನ ಪ್ರತಿಯನ್ನೂ ತರುತ್ತದೆ. ಸ್ಟೋರ್ಸ್‌ನಲ್ಲಿ ಜನ ಕಡಿಮೆ, ಹೊರಗೆ ಇನ್ನೂ ಎರಡು ಲಾರಿ ಕಾಯುತ್ತಿವೆ, ಡ್ರೈವರ್ ಅವಸರ ಮಾಡುತ್ತಿದ್ದಾನೆ. ಬಿಲ್ಲಿನಲ್ಲಿ ಬರೆದ ಅಂಕಿಯನ್ನೇ ಜಿಆರ್‌ಎನ್‌ಗೆ ಇಳಿಸಿಕೊಂಡರೆ ಎರಡು ನಿಮಿಷದ ಕೆಲಸ. ಆ ಕ್ಷಣಕ್ಕೆ ಮೂರು ಕೈಗಳು ಎರಡಾಗುತ್ತವೆ: ಪೂರೈಕೆದಾರರ ಮಾತೇ ಬಿಲ್ಲಿನಲ್ಲೂ ಜಿಆರ್‌ಎನ್‌ನಲ್ಲೂ ಇರುತ್ತದೆ, ಅಕೌಂಟ್ಸ್‌ನವರು ಅದನ್ನು ಅದರೊಂದಿಗೇ ಹೋಲಿಸಿ ಸರಿಯಿದೆ ಎಂದು ಸಹಿ ಹಾಕುತ್ತಾರೆ. ಕಾಗದಗಳು ಎಂದಿಗಿಂತ ಚೆನ್ನಾಗಿ ತಾಳೆಯಾಗುತ್ತವೆ, ರಕ್ಷಣೆ ಮಾತ್ರ ಶೂನ್ಯ.

ಹೀಗಾಗುತ್ತಿದೆಯೇ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಒಂದು ವರ್ಷದ ಜಿಆರ್‌ಎನ್‌ಗಳನ್ನು ತೆಗೆದು ನೋಡಿದರೆ, ತೂಕದಿಂದ ಕೊಳ್ಳುವ ಮಾಲು ಒಂದು ಕಿಲೋ ಹೆಚ್ಚುಕಡಿಮೆ ಇಲ್ಲದೆ ಪ್ರತಿ ಸಲ ಬಿಲ್ಲಿನಷ್ಟೇ ಬಂದಿದ್ದರೆ ಅಲ್ಲಿ ಯಾರೂ ತೂಗಿಲ್ಲ. ಮರಳು, ಜಲ್ಲಿ, ಕಬ್ಬಿಣ, ರಾಸಾಯನಿಕ ಯಾವುದೂ ಹಾಗೆ ಬರುವುದಿಲ್ಲ. ಗೇಟ್ ರಿಜಿಸ್ಟರಿನಲ್ಲಿ ಲಾರಿ ಸಂಜೆ ಐದಕ್ಕೆ ಬಂದು, ಜಿಆರ್‌ಎನ್ ಐದೂ ಐದಕ್ಕೇ ತಯಾರಾಗಿದ್ದರೆ ಹತ್ತು ಟನ್ ಇಳಿಸಿ ತೂಗಲು ಸಮಯ ಎಲ್ಲಿತ್ತು ಎಂದು ಕೇಳಬೇಕು. ಜಿಆರ್‌ಎನ್‌ಗಳೆಲ್ಲ ತಿಂಗಳ ಕೊನೆಯ ಎರಡು ದಿನಗಳಲ್ಲಿ ರಾಶಿಯಾಗಿ ಹುಟ್ಟಿದ್ದರೆ ಅವು ಬಿಲ್ ಪಾಸು ಮಾಡಲೆಂದೇ ಬರೆದವು. ಇದನ್ನು ತಪ್ಪಿಸಲು ಕೆಲವು ಸಂಸ್ಥೆಗಳು ಸ್ಟೋರ್ಸ್‌ನವರಿಗೆ ಪ್ರಮಾಣದ ಅಂಕಣ ಖಾಲಿ ಇರುವ ಪಿಒ ಪ್ರತಿ ಕೊಡುತ್ತವೆ. ಯಾವ ವಸ್ತು ಬರಬೇಕೆಂದು ಅದರಲ್ಲಿ ಗೊತ್ತಾಗುತ್ತದೆ, ಎಷ್ಟೆಂಬುದನ್ನು ತೂಗಿಯೇ ಬರೆಯಬೇಕು. ಬಿಲ್ಲಿನ ಪ್ರತಿಯನ್ನು ಗೇಟ್‌ನಿಂದ ನೇರವಾಗಿ ಅಕೌಂಟ್ಸ್‌ಗೆ ಕಳಿಸಿಬಿಟ್ಟರೆ ಈ ಕ್ರಮ ಇನ್ನೂ ಗಟ್ಟಿ.

ಪಿಒ ಕೂಡ ಹೀಗೆ ಟೊಳ್ಳಾಗಬಹುದು. ಮಾಲನ್ನು ಫೋನಿನಲ್ಲೇ ತರಿಸಿಕೊಂಡು, ಬಿಲ್ ಬಂದ ಮೇಲೆ ಅದನ್ನು ನೋಡಿ ಪಿಒ ತಯಾರಿಸುವುದು ಅಪರೂಪವೇನಲ್ಲ. ಪಿಒದ ದಿನಾಂಕ ಬಿಲ್ಲಿನ ದಿನಾಂಕಕ್ಕಿಂತ ಈಚಿನದಾಗಿದ್ದರೆ ಆ ಆರ್ಡರ್ ದರದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಮುರಿದ ಪಂಪಿನ ಬಿಡಿಭಾಗದಂಥ ತುರ್ತು ಖರೀದಿಗೆ ಇದು ಅನಿವಾರ್ಯವಾಗಬಹುದು. ಅಂಥವನ್ನು ಬೇರೆ ಗುರುತು ಹಾಕಿ, ಖರೀದಿಗೆ ಸಂಬಂಧವಿಲ್ಲದ ಹಿರಿಯರೊಬ್ಬರು ದರ ವಿಚಾರಿಸಿ ಒಪ್ಪಬೇಕು.

ಮೂರೂ ಕಾಗದಗಳು ಪ್ರಾಮಾಣಿಕವಾಗಿದ್ದರೂ ತಾಳೆಗೆ ಸಿಗದ ಸಂಗತಿಗಳಿವೆ. ಮಾರುಕಟ್ಟೆಯಲ್ಲಿ 50 ರೂಪಾಯಿಗೆ ಸಿಗುವುದನ್ನು 56ಕ್ಕೆ ಆರ್ಡರ್ ಮಾಡಿದ್ದರೆ ತಾಳೆ ಅದನ್ನು ಸರಿಯೆಂದೇ ಹೇಳುತ್ತದೆ. ಕಂಬಿಯ ಗಟ್ಟಿತನ ಹೇಳಿದಷ್ಟಿಲ್ಲದಿದ್ದರೆ ತೂಕದ ಚೀಟಿಯಲ್ಲಿ ಅದು ಕಾಣದು. ಅದಕ್ಕೆ ಗುಣಮಟ್ಟ ಪರೀಕ್ಷೆಯ ನಾಲ್ಕನೆಯ ಕಾಗದ ಬೇಕು, ಅದನ್ನೂ ಸೇರಿಸಿ ನೋಡುವ ಸಂಸ್ಥೆಗಳಿವೆ. ಸೇವೆಗಳ ಬಿಲ್ಲಿಗೆ ತೂಗುವ ವಸ್ತುವೇ ಇಲ್ಲ. ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ಈ ಜಾಗವನ್ನು ಅಳತೆ ಪುಸ್ತಕ ತುಂಬುತ್ತದೆ: ಎಂಜಿನಿಯರ್ ಸ್ಥಳದಲ್ಲೇ ಉದ್ದ, ಅಗಲ, ಆಳ ಅಳೆದು ದಾಖಲಿಸಿದ್ದರ ಮೇಲೆ ಗುತ್ತಿಗೆದಾರರ ಬಿಲ್ ನಿಲ್ಲುತ್ತದೆ. ಕಾವಲು ಅಥವಾ ಸ್ವಚ್ಛತೆಯ ಬಿಲ್ಲಿಗೆ ಹಾಜರಿ ಪುಸ್ತಕ ಜಿಆರ್‌ಎನ್ ಇದ್ದಂತೆ. ಆದರೆ ಆ ಹಾಜರಿಯನ್ನು ಬಿಲ್ ಹಾಕುವ ಏಜೆನ್ಸಿಯೇ ಬರೆಯುತ್ತಿದ್ದರೆ ಬಿಲ್ಲಿನಿಂದ ನಕಲು ಮಾಡಿದ ಜಿಆರ್‌ಎನ್‌ಗೂ ಅದಕ್ಕೂ ವ್ಯತ್ಯಾಸವಿಲ್ಲ.

ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನೂ ಈ ತಾಳೆ ನೋಡುವುದಿಲ್ಲ. ಲಿಥುವೇನಿಯಾದ ಎವಾಲ್ಡಾಸ್ ರಿಮಾಸಾಸ್ಕಾಸ್ 2013ರಿಂದ 2015ರವರೆಗೆ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳಿಂದ ಒಟ್ಟು 12 ಕೋಟಿ ಡಾಲರ್‌ಗೂ ಹೆಚ್ಚು ಹಣ ಪಡೆದದ್ದು ಖೋಟಾ ಬಿಲ್ಲುಗಳಿಂದ. ಎರಡೂ ಕಂಪನಿಗಳಿಗೆ ನಿಜವಾಗಿಯೂ ಯಂತ್ರೋಪಕರಣ ಪೂರೈಸುತ್ತಿದ್ದ ತೈವಾನಿನ ಕ್ವಾಂಟಾ ಕಂಪ್ಯೂಟರ್‌ನ ಹೆಸರಿನಲ್ಲೇ ಆತ ಬೇರೊಂದು ದೇಶದಲ್ಲಿ ಕಂಪನಿ ನೋಂದಾಯಿಸಿ, ಹಣವನ್ನು ಲಾಟ್ವಿಯಾ ಮತ್ತು ಸೈಪ್ರಸ್‌ನ ಖಾತೆಗಳಿಗೆ ಹಾಕಿಸಿಕೊಂಡ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಜೈಲು ವಿಧಿಸಿತು. ಇಂಥ ವಂಚನೆಯ ಸಣ್ಣ ರೂಪ ಈಗ ಎಲ್ಲೆಡೆ ಇದೆ: ಆರ್ಡರ್ ನಿಜ, ಮಾಲು ನಿಜ, ಬಿಲ್ಲಿನ ಅಂಕಿಗಳೂ ನಿಜ, ನಡುವೆ ಬಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇ-ಮೇಲ್ ಮಾತ್ರ ಸುಳ್ಳು. ಮೂರು ಕಾಗದಗಳಲ್ಲಿ ಯಾವುದೂ ಇದನ್ನು ತಡೆಯಲಾರದು. ಖಾತೆ ಬದಲಾವಣೆಯ ಕೋರಿಕೆ ಬಂದಾಗ ಆ ಇ-ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡದೆ, ಮೊದಲಿನಿಂದ ಕಡತದಲ್ಲಿರುವ ನಂಬರಿಗೆ ಮಾಡಿ ಕೇಳಬೇಕು. ಖಾತೆಯ ವಿವರ ತಿದ್ದುವವರು ಮತ್ತು ಬಿಲ್ ಪಾಸು ಮಾಡುವವರು ಬೇರೆ ಬೇರೆಯವರಾಗಿರಬೇಕು.